ಬ್ಯಾನರ್‌ನಲ್ಲಿ 50, ಕರಪತ್ರದಲ್ಲಿ 40, ಬಿಲ್‌ನಲ್ಲಿ 46: ಆಷಾಢ ಸೇಲ್‌ನ ಗೊಂದಲ ಬಿಡಿಸುವುದು ಹೇಗೆ?

ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಬಟ್ಟೆ ಅಂಗಡಿಗಳಲ್ಲಿ ವ್ಯಾಪಾರ ಸಪ್ಪೆ. ಶ್ರಾವಣಕ್ಕೆ ಹೊಸ ಮಾಲು ಬರುವ ಮೊದಲು ಹಳೆಯದನ್ನು ಖಾಲಿ ಮಾಡಬೇಕು. ಕರ್ನಾಟಕದ ಊರೂರಲ್ಲಿ ‘ಆಷಾಢ ಸೇಲ್’ ಹುಟ್ಟಿದ್ದು ಹೀಗೆ. ಈ ಒಂದು ಸೇಲ್‌ನ ಸುದ್ದಿ ಐದಾರು ದಾರಿಯಲ್ಲಿ ಊರಿಗೆ ತಲುಪುತ್ತದೆ: ವೃತ್ತದ ಬ್ಯಾನರ್, ಪತ್ರಿಕೆಯೊಳಗೆ ಸೇರಿಸಿ ಹಂಚುವ ಕರಪತ್ರ, ವಾಟ್ಸ್ಆ್ಯಪ್ ಚಿತ್ರ, ಎಸ್‌ಎಂಎಸ್, ಆಟೋದಲ್ಲಿ ಕೂಗುವ ಪ್ರಕಟಣೆ, ಅಂಗಡಿಯೊಳಗಿನ ರ್‍ಯಾಕ್ ಬೋರ್ಡ್. ಇವನ್ನೆಲ್ಲ ಒಬ್ಬರೇ ಬರೆಯುವುದಿಲ್ಲ, ಒಂದೇ ದಿನ ಬರೆಯುವುದೂ ಇಲ್ಲ. ಆದ್ದರಿಂದ ಬೆಲೆ, ರಿಯಾಯಿತಿ ಮತ್ತು ದಿನಾಂಕ ಒಂದೊಂದರಲ್ಲಿ ಒಂದೊಂದು ಥರ ಬಂದುಬಿಡುತ್ತವೆ. ಕೊನೆಗೆ ಜಗಳ ಆಗುವುದು ಬಿಲ್ಲಿಂಗ್ ಕೌಂಟರ್‌ನಲ್ಲಿ. ಅಲ್ಲಿ ಕೂತ ಹುಡುಗಿಗೆ ಬ್ಯಾನರ್‌ನಲ್ಲಿ ಏನಿದೆ ಎಂಬುದೇ ಗೊತ್ತಿರುವುದಿಲ್ಲ.

ಈ ಗೊಂದಲ ಎಲ್ಲಿ ಹುಟ್ಟುತ್ತದೆ, ಅದನ್ನು ಯಾವ ಕ್ರಮದಲ್ಲಿ ಬಿಡಿಸಬೇಕು ಎಂಬುದನ್ನು ಒಂದು ಕಾಲ್ಪನಿಕ ಸೀರೆ ಅಂಗಡಿಯ ಉದಾಹರಣೆಯಲ್ಲಿ ನೋಡೋಣ. ಪಂಚಾಂಗ ಮಾತ್ರ ನಿಜವಾದದ್ದು, 2025ರ ಆಷಾಢದ್ದು.

## ಒಂದೇ ಸೀರೆ, ಮೂರು ಬೆಲೆ

ಟ್ಯಾಗ್‌ನಲ್ಲಿ ₹2,400 ಇರುವ ಒಂದು ಕಾಟನ್ ಸೀರೆ ತೆಗೆದುಕೊಳ್ಳಿ. ವೃತ್ತದ ಬ್ಯಾನರ್ ಹೇಳುವುದು: ‘ಆಷಾಢ ಮುಗಿಯುವವರೆಗೆ 50% ರಿಯಾಯಿತಿ’. ಕರಪತ್ರ ಹೇಳುವುದು: ‘ಜುಲೈ 4ರಿಂದ 20ರವರೆಗೆ 40% ರಿಯಾಯಿತಿ’. ಜುಲೈ 18ರ ಶುಕ್ರವಾರ ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಹೋದ ಚಿತ್ರ ಹೇಳುವುದು: ‘ಇಂದಿನಿಂದ ಕೇವಲ 3 ದಿನ, 40% + 10%’.

ಬ್ಯಾನರ್ ನೋಡಿ ಬಂದವರು ಸೀರೆಗೆ ₹1,200 ಕೊಡಲು ಸಿದ್ಧರಾಗಿರುತ್ತಾರೆ. ಕರಪತ್ರ ಕೈಯಲ್ಲಿ ಹಿಡಿದವರ ಲೆಕ್ಕದಲ್ಲಿ ಅದು ₹1,440. ವಾಟ್ಸ್ಆ್ಯಪ್ ಚಿತ್ರ ನೋಡಿ ಬಂದವರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ತೋರಿಸುವುದು ₹1,296. ಮೂವರೂ ಓದಿದ್ದನ್ನು ಸರಿಯಾಗಿಯೇ ಓದಿದ್ದಾರೆ. ಹೀಗಾಗಿ ಕೌಂಟರ್‌ನಲ್ಲಿ ಯಾರಿಗೂ ‘ನೀವು ತಪ್ಪು ತಿಳಿದಿರಿ’ ಎಂದು ಹೇಳಲು ಬರುವುದಿಲ್ಲ.

ಇಲ್ಲಿ ಅಂಗಡಿಯವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ದೂರು ಬಂದ ಒಂದನ್ನು ಮಾತ್ರ ತಿದ್ದುವುದು. ಬ್ಯಾನರ್ ಬಗ್ಗೆ ಜಗಳ ಆಯಿತೆಂದು ಬ್ಯಾನರ್ ತಿದ್ದುತ್ತಾರೆ. ಅಷ್ಟರಲ್ಲಿ ವಾಟ್ಸ್ಆ್ಯಪ್ ಚಿತ್ರ ಇನ್ನೊಂದು ಕಥೆ ಹೇಳುತ್ತಿರುತ್ತದೆ. ಯಾವುದು ನಿಜ ಎಂದು ತೀರ್ಮಾನಿಸದೆ ಒಂದನ್ನು ತಿದ್ದಿದರೆ ಮೂರು ಮಾತಿನ ಜಾಗದಲ್ಲಿ ನಾಲ್ಕು ಮಾತು ಆಗುತ್ತದೆ, ಅಷ್ಟೇ.

## ಐವತ್ತು ಎಲ್ಲಿಂದ ಬಂತು?

ಇಲ್ಲಿ ಎರಡು ಬೇರೆ ಬೇರೆ ಕಾರಣಗಳಿವೆ. ಒಂದು ಲೆಕ್ಕದ್ದು, ಇನ್ನೊಂದು ಭಾಷೆಯದು.

ಲೆಕ್ಕದ್ದು ಹೀಗೆ. ಮಾಲೀಕರು ಫೋನಿನಲ್ಲಿ ‘ನಲವತ್ತು ಪ್ಲಸ್ ಹತ್ತು ಹಾಕಿ’ ಅಂದರು. ಕೇಳಿಸಿಕೊಂಡವರು ಕೂಡಿಸಿ ಐವತ್ತು ಮಾಡಿದರು. ಆದರೆ ಒಂದರ ಮೇಲೊಂದು ಕೊಡುವ ರಿಯಾಯಿತಿ ಹಾಗೆ ಕೂಡುವುದಿಲ್ಲ. ₹2,400ರಲ್ಲಿ ಮೊದಲ 40% ಕಳೆದರೆ ₹1,440 ಉಳಿಯಿತು. ಮುಂದಿನ 10% ಲೆಕ್ಕ ಹಾಕುವುದು ಈ ₹1,440ರ ಮೇಲೆ, ಅಂದರೆ ₹144 ಕಡಿಮೆಯಾಗಿ ₹1,296. ಮೊದಲ ಬೆಲೆಗೆ ಹೋಲಿಸಿದರೆ ಇಳಿದದ್ದು ₹1,104, ಅಂದರೆ 46%. ರೊಟ್ಟಿಯಲ್ಲಿ ಒಂದು ಪಾಲು ತಿಂದ ಮೇಲೆ, ತಟ್ಟೆಯಲ್ಲಿ ಉಳಿದ ತುಂಡಿನ ಹತ್ತನೇ ಪಾಲನ್ನು ತಿಂದ ಹಾಗೆ. ಇಡೀ ರೊಟ್ಟಿಯ ಹತ್ತನೇ ಪಾಲು ಅದಲ್ಲ.

ಬ್ಯಾನರ್‌ನ ಐವತ್ತಕ್ಕೂ ಬಿಲ್‌ನ ನಲವತ್ತಾರಕ್ಕೂ ಇರುವ ಅಂತರ ಒಂದು ಸೀರೆಗೆ ₹96. ಐದು ಸೀರೆ ಕೊಂಡವರಿಗೆ ₹480. ‘ಐವತ್ತು ಅಂದಿದ್ದಿರಲ್ಲ’ ಎಂಬ ಮಾತು ಏಳುವುದು ಈ ₹480ರ ಬಳಿ.

ಭಾಷೆಯ ಕಾರಣ ಹೀಗೆ. ನಮ್ಮ ‘ವರೆಗೆ’ ಎಂಬ ಒಂದೇ ಪದ ಜಾಹೀರಾತಿನಲ್ಲಿ ಎರಡು ಕೆಲಸ ಮಾಡುತ್ತದೆ. ‘50%ವರೆಗೆ ರಿಯಾಯಿತಿ’ ಅಂದರೆ ಅತಿ ಹೆಚ್ಚೆಂದರೆ ಐವತ್ತು, ಕೆಲವಕ್ಕೆ ಹತ್ತೂ ಇರಬಹುದು. ‘20ರವರೆಗೆ’ ಅಂದರೆ ಇಪ್ಪತ್ತನೇ ತಾರೀಖಿನ ತನಕ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ‘ಜುಲೈ 20ರವರೆಗೆ 50%ವರೆಗೆ ರಿಯಾಯಿತಿ’ ಎಂದಾಗುತ್ತದೆ. ಓದಲು ತೊಡಕು, ಬ್ಯಾನರ್‌ನಲ್ಲಿ ಜಾಗವೂ ಸಾಲದು. ಡಿಟಿಪಿ ಮಾಡುವವರು ಒಂದು ‘ವರೆಗೆ’ ತೆಗೆದುಬಿಡುತ್ತಾರೆ, ಸಾಮಾನ್ಯವಾಗಿ ಎರಡನೆಯದನ್ನು. ಅಷ್ಟಕ್ಕೇ ‘ಕೆಲವು ಸೀರೆಗಳಿಗೆ ಐವತ್ತು’ ಎಂಬುದು ‘ಎಲ್ಲ ಸೀರೆಗೂ ಐವತ್ತು’ ಆಗುತ್ತದೆ. ಯಾರೂ ಸುಳ್ಳು ಹೇಳಲು ಹೊರಟಿರಲಿಲ್ಲ, ಮೂರಕ್ಷರ ಉಳಿಸಲು ಹೋಗಿದ್ದರು.

ಪರಿಹಾರ ಸುಲಭ: ಎರಡು ಕೆಲಸಕ್ಕೆ ಎರಡು ಪದ ಬಳಸಿ. ರಿಯಾಯಿತಿಗೆ ‘ಗರಿಷ್ಠ 50%’ ಎನ್ನಿ, ದಿನಾಂಕಕ್ಕೆ ‘ಕೊನೆಯ ದಿನ ಜುಲೈ 20’ ಎನ್ನಿ. ಇವೆರಡರಲ್ಲಿ ಯಾವುದನ್ನೂ ಕೈಬಿಡಲು ಮನಸ್ಸು ಬರುವುದಿಲ್ಲ. ಎಲ್ಲ ಸರಕಿಗೂ ಒಂದೇ ದರ ಇದ್ದರೆ ‘ಎಲ್ಲಕ್ಕೂ 40%’ ಎಂದೇ ಬರೆಯಿರಿ. ಹೀಗೆಯೇ ಎಡವಿಸುವ ಇನ್ನೊಂದು ಪದ ‘ಮೇಲೆ’. ‘₹5,000ದ ಮೇಲಿನ ಖರೀದಿಗೆ’ ಎಂದಾಗ ಸರಿಯಾಗಿ ₹5,000 ಬಿಲ್ ಆದವರು ಒಳಗೋ ಹೊರಗೋ? ‘₹5,000 ಅಥವಾ ಅದಕ್ಕಿಂತ ಹೆಚ್ಚು’ ಎಂದರೆ ಆ ಪ್ರಶ್ನೆಯೇ ಏಳುವುದಿಲ್ಲ.

## ಆಷಾಢ ಮುಗಿಯುವುದು ಯಾವತ್ತು?

ದಿನಾಂಕದ ಗೊಂದಲ ಬೆಲೆಯ ಗೊಂದಲಕ್ಕಿಂತ ಮೆತ್ತಗೆ ಬರುತ್ತದೆ. ಸೇಲ್ ನಡೆಯುವಾಗ ಕಾಣುವುದಿಲ್ಲ, ಮುಗಿಯುವ ದಿನ ಕಾಣುತ್ತದೆ.

‘ಆಷಾಢ ಮುಗಿಯುವವರೆಗೆ’ ಎಂಬುದು ನಮ್ಮ ಕಿವಿಗೆ ಸ್ಪಷ್ಟವಾಗಿಯೇ ಕೇಳಿಸುತ್ತದೆ. ಕರ್ನಾಟಕದಲ್ಲಿ ತಿಂಗಳು ಮುಗಿಯುವುದು ಅಮಾವಾಸ್ಯೆಗೆ, ಆಷಾಢ ಮುಗಿಯುವುದು ಭೀಮನ ಅಮಾವಾಸ್ಯೆಗೆ. 2025ರಲ್ಲಿ ಅದು ಜುಲೈ 24, ಗುರುವಾರ. ಉತ್ತರ ಭಾರತದ ಪಂಚಾಂಗದಲ್ಲಿ ತಿಂಗಳು ಮುಗಿಯುವುದು ಹುಣ್ಣಿಮೆಗೆ. ಅಲ್ಲಿ ಆಷಾಢ ಮುಗಿದದ್ದು ಗುರುಪೂರ್ಣಿಮೆಗೆ, ಅಂದರೆ ಜುಲೈ 10ಕ್ಕೆ. ಎರಡರ ನಡುವೆ ಹದಿನಾಲ್ಕು ದಿನ. ಮುಖ್ಯ ಕಚೇರಿ ಉತ್ತರದಲ್ಲಿದ್ದು ಶಾಖೆ ಇಲ್ಲಿದ್ದರೆ, ಅಥವಾ ಬೆಂಗಳೂರಿನಲ್ಲೇ ಎರಡೂ ಪದ್ಧತಿಯ ಗ್ರಾಹಕರು ಬರುತ್ತಿದ್ದರೆ, ತಿಂಗಳ ಹೆಸರು ದಿನಾಂಕದ ಕೆಲಸ ಮಾಡುವುದಿಲ್ಲ. ನಮ್ಮ ಉದಾಹರಣೆಯಲ್ಲಂತೂ ಕರ್ನಾಟಕದ ಲೆಕ್ಕವೂ ಕೂಡಿಬರುವುದಿಲ್ಲ: ಬ್ಯಾನರ್ ಪ್ರಕಾರ ಸೇಲ್ 24ಕ್ಕೆ ಮುಗಿಯಬೇಕು, ಕರಪತ್ರದ ಪ್ರಕಾರ 20ಕ್ಕೆ. ‘ದೀಪಾವಳಿವರೆಗೆ’ ಎಂಬುದೂ ಇದೇ ಜಾತಿಯದು. ನರಕ ಚತುರ್ದಶಿಯೋ, ಅಮಾವಾಸ್ಯೆಯೋ, ಬಲಿಪಾಡ್ಯಮಿಯೋ?

ಹಬ್ಬದ ಹೆಸರು ಬೇಡವೆಂದಲ್ಲ. ಅದು ತಲೆಬರಹದಲ್ಲಿ ಇರಲಿ. ಅವಧಿಯನ್ನು ಮಾತ್ರ ತಾರೀಖು ಮತ್ತು ವಾರ ಎರಡನ್ನೂ ಸೇರಿಸಿ ಬರೆಯಿರಿ: ‘ಜುಲೈ 4 ಶುಕ್ರವಾರದಿಂದ, ಕೊನೆಯ ದಿನ ಜುಲೈ 20 ಭಾನುವಾರ, ರಾತ್ರಿ 9ರ ತನಕ’. ವಾರ ಬರೆಯುವುದರಿಂದ ಇನ್ನೊಂದು ಲಾಭವಿದೆ. ಹೋದ ವರ್ಷದ ಫೈಲ್ ತೆಗೆದು ತಾರೀಖು ಹಾಗೇ ಬಿಟ್ಟಿದ್ದರೆ ವಾರ ತಾಳೆಯಾಗುವುದಿಲ್ಲ, ತಪ್ಪು ತಾನಾಗಿ ಎದ್ದು ಕಾಣುತ್ತದೆ.

‘ಇಂದಿನಿಂದ’, ‘ನಾಳೆ ಕೊನೆ’, ‘ಈ ಭಾನುವಾರ’, ‘ಕೇವಲ 3 ದಿನ’ ಎಂಬ ಮಾತುಗಳು ಆಟೋದ ಪ್ರಕಟಣೆಗೆ ಸರಿ. ಅದು ಕೂಗಿದ ದಿನವೇ ಮುಗಿದುಹೋಗುತ್ತದೆ. ವಾಟ್ಸ್ಆ್ಯಪ್ ಚಿತ್ರ ಹಾಗಲ್ಲ. ಜುಲೈ 18ರಂದು ಹೋದ ಚಿತ್ರವನ್ನು ಯಾರೋ 21ರಂದು ಮನೆಯ ಗುಂಪಿಗೆ ಕಳಿಸುತ್ತಾರೆ. ಅಲ್ಲಿ ಓದಿದವರಿಗೆ ‘ಇಂದು’ ಅಂದರೆ 21. ಅವರು 23ರಂದು ಬಸ್ ಹಿಡಿದು ಬರುತ್ತಾರೆ. ಫಾರ್ವರ್ಡ್ ಆಗಬಹುದಾದ ಯಾವುದರಲ್ಲೂ ಬರೆದವರ ‘ಇಂದು’ ಇರಬಾರದು.

## ಮೊದಲು ಒಂದು ಚೀಟಿ

ತಿದ್ದಲು ಕೂರುವ ಮುನ್ನ ಎರಡು ಕೆಲಸ ಮಾಡಬೇಕು. ಮೊದಲನೆಯದು ಹೊರಗೆ ಹೋದ ಎಲ್ಲವನ್ನೂ ಒಂದು ಕಡೆ ತರುವುದು. ಬ್ಯಾನರ್‌ನ ಫೋಟೊ ತೆಗೆಸಿ. ಅದೂ ಫೈಲ್ ನೋಡಿ ಅಲ್ಲ, ಕಟ್ಟಿದ ಜಾಗಕ್ಕೆ ಹೋಗಿ. ಮುದ್ರಣವಾದದ್ದು ಯಾವ ಫೈಲ್ ಎಂಬುದು ಅಲ್ಲೇ ಗೊತ್ತಾಗುವುದು. ಕರಪತ್ರದ ಒಂದು ಪ್ರತಿ, ವಾಟ್ಸ್ಆ್ಯಪ್ ಚಿತ್ರ, ಎಸ್‌ಎಂಎಸ್, ಆಟೋದ ರೆಕಾರ್ಡಿಂಗ್ ಕೇಳಿ ಬರೆದುಕೊಂಡ ಮಾತು, ರ್‍ಯಾಕ್ ಬೋರ್ಡ್, ಕೊನೆಗೆ ಒಂದು ಬಿಲ್. ಒಂದು ಹಾಳೆಯ ಎಡಗಡೆ ಇವುಗಳ ಹೆಸರು ಬರೆದು, ಎದುರಿಗೆ ಐದು ಕಾಲಂ ಎಳೆಯಿರಿ: ಯಾವ ಸರಕು, ಯಾವ ಬೆಲೆಯ ಮೇಲೆ, ಎಷ್ಟು ರಿಯಾಯಿತಿ, ಮೊದಲ ದಿನ, ಕೊನೆಯ ದಿನ. ಪ್ರತಿಯೊಂದರಲ್ಲಿ ಅಚ್ಚಾದದ್ದನ್ನು ಇದ್ದ ಹಾಗೇ ತುಂಬಿ. ‘ಇದರ ಅರ್ಥ ಹೀಗೆ ತಾನೇ’ ಎಂದು ತುಂಬಬೇಡಿ. ಹೇಳದೆ ಬಿಟ್ಟಿದ್ದರೆ ಖಾಲಿ ಬಿಡಿ. ಖಾಲಿ ಮನೆಗಳೂ ಗೊಂದಲವೇ, ಏಕೆಂದರೆ ಅದನ್ನು ಗ್ರಾಹಕರು ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ.

ಎರಡನೆಯದು ತೀರ್ಮಾನ. ಮಾಲೀಕರು ಕೂತು ಒಂದೇ ಒಂದು ಚೀಟಿ ಬರೆದು ಸಹಿ ಹಾಕಬೇಕು. ನಮ್ಮ ಅಂಗಡಿಯ ಚೀಟಿ ಹೀಗಿರಬಹುದು:

ಸರಕು: ಎಲ್ಲ ಕಾಟನ್ ಮತ್ತು ಸಿಂಥೆಟಿಕ್ ಸೀರೆ. ರೇಷ್ಮೆ ಮತ್ತು ಶ್ರಾವಣದ ಹೊಸ ಮಾಲು ಸೇರಿಲ್ಲ.
ಯಾವ ಬೆಲೆಯ ಮೇಲೆ: ಟ್ಯಾಗ್ ಬೆಲೆ, ತೆರಿಗೆ ಅದರಲ್ಲೇ ಸೇರಿದೆ.
ರಿಯಾಯಿತಿ: 40%. ಜುಲೈ 18, 19, 20ರಂದು ಮಾತ್ರ, ಇಳಿಸಿದ ಬೆಲೆಯ ಮೇಲೆ ಮತ್ತೆ 10%.
ಮಾದರಿ: ₹2,400ರ ಸೀರೆ ₹1,440ಕ್ಕೆ. ಆ ಮೂರು ದಿನ ₹1,296ಕ್ಕೆ.
ಪೈಸೆ: ಬಿಟ್ಟುಬಿಡುವುದು. ಮೇಲಕ್ಕೆ ರೌಂಡ್ ಮಾಡುವಂತಿಲ್ಲ.
ಅವಧಿ: ಜುಲೈ 4 ಶುಕ್ರವಾರ ಬೆಳಿಗ್ಗೆ 10ರಿಂದ ಜುಲೈ 20 ಭಾನುವಾರ ರಾತ್ರಿ 9ರವರೆಗೆ.

‘ಯಾವ ಬೆಲೆಯ ಮೇಲೆ’ ಎಂಬ ಸಾಲನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಬೇಡದ ಜಗಳ ತರುವುದು ಅದೇ. ಸೇಲ್‌ಗೆ ಮೊದಲೇ ₹2,400ರ ಸೀರೆಯನ್ನು ₹2,200ಕ್ಕೆ ಮಾರುತ್ತಿದ್ದರೆ, 40% ಯಾವುದರ ಮೇಲೆ? ಟ್ಯಾಗ್ ಬೆಲೆಯ ಮೇಲಾದರೆ ₹1,440, ಮಾರುತ್ತಿದ್ದ ಬೆಲೆಯ ಮೇಲಾದರೆ ₹1,320. ತೆರಿಗೆಯದೂ ಹಾಗೆ. ಪೊಟ್ಟಣದ ಸರಕಿನ ಮೇಲಿನ ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಚಿಲ್ಲರೆ ಬೆಲೆ. ಅದರ ಮೇಲೆ ರಿಯಾಯಿತಿ ಘೋಷಿಸಿ, ಬಿಲ್‌ನಲ್ಲಿ ಮತ್ತೆ ಜಿಎಸ್‌ಟಿ ಸೇರಿಸಿದರೆ ಹೇಳಿದ ರಿಯಾಯಿತಿ ಕೊಟ್ಟಂತಾಗುವುದಿಲ್ಲ.

ಪೈಸೆಯ ಸಾಲು ಸಣ್ಣದಾಗಿ ಕಾಣುತ್ತದೆ. ಟ್ಯಾಗ್ ₹1,995 ಇದ್ದರೆ 40% ಕಳೆದು ₹1,197. ಮತ್ತೆ 10% ಕಳೆದರೆ ₹1,077 ಮತ್ತು 30 ಪೈಸೆ. ಸ್ಟಿಕ್ಕರ್ ಬರೆಯುವವರು ₹1,197 ನೋಡಿ ಕೈ ಅಭ್ಯಾಸದಿಂದ ₹1,200 ಬರೆದರೆ ರ್‍ಯಾಕ್‌ಗೂ ಬಿಲ್‌ಗೂ ಮೂರು ರೂಪಾಯಿ ವ್ಯತ್ಯಾಸ. ಮೂರೇ ರೂಪಾಯಿ ನಿಜ, ಆದರೆ ಅದನ್ನು ಕಂಡ ಗ್ರಾಹಕರು ಉಳಿದ ಎಲ್ಲ ಸಾಲುಗಳನ್ನೂ ಲೆಕ್ಕ ಹಾಕಲು ನಿಲ್ಲುತ್ತಾರೆ.

## ಆಗಲೇ ಹೊರಗೆ ಹೋದ ಮಾತಿಗೆ ಏನು ಮಾಡುವುದು?

ಚೀಟಿಯ ಪ್ರಕಾರ ಕೊನೆಯ ಮೂರು ದಿನವೂ ಸಿಗುವುದು 46%, ಊರ ನಡುವೆ ಬ್ಯಾನರ್ 50% ಅನ್ನುತ್ತಿದೆ. ಚೀಟಿ ಬರೆದ ಮಾತ್ರಕ್ಕೆ ಬ್ಯಾನರ್ ಓದಿದವರ ತಲೆಯಲ್ಲಿರುವುದು ಬದಲಾಗುವುದಿಲ್ಲ. ಇದಕ್ಕೆ ಇರುವುದು ಎರಡೇ ದಾರಿ: ಬ್ಯಾನರ್‌ನ ಮಾತನ್ನು ನಿಜ ಮಾಡುವುದು, ಇಲ್ಲವೇ ಬ್ಯಾನರ್ ತಿದ್ದಿ, ತಿದ್ದುವವರೆಗೆ ಅದನ್ನು ನಂಬಿ ಬಂದವರಿಗೆ ಆ ದರ ಕೊಡುವುದು.

ಮೊದಲ ದಾರಿಯ ಖರ್ಚನ್ನು ಆ ಮೂರು ದಿನದ ಮಟ್ಟಿಗೆ ಲೆಕ್ಕ ಹಾಕಬಹುದು. ಕೊನೆಯ ಮೂರು ದಿನ 200 ಸೀರೆ ಮಾರಾಟವಾಗುತ್ತದೆ ಎಂದುಕೊಂಡರೆ, ಎಲ್ಲವೂ ₹2,400ರವೇ ಆದರೂ ₹96ರಂತೆ ₹19,200. ಬ್ಯಾನರ್ ಒಂದೇ ಇದ್ದರೆ ತಿದ್ದುವುದೇ ಅಗ್ಗ. ಇಪ್ಪತ್ತು ಕಡೆ ಕಟ್ಟಿ, ಸಾವಿರಾರು ಕರಪತ್ರದಲ್ಲೂ ಐವತ್ತು ಎಂದು ಹಾಕಿದ್ದರೆ ಐವತ್ತನ್ನೇ ಕೊಟ್ಟು ಮುಗಿಸುವುದು ಲೇಸು.

ಕಾನೂನೂ ಇಲ್ಲಿ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತನ್ನು ಗುರುತಿಸುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಂಥದ್ದನ್ನು ನಿಲ್ಲಿಸಲು ಅಥವಾ ತಿದ್ದಲು ವ್ಯಾಪಾರಿಗೆ ಆದೇಶಿಸಬಹುದು. ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಒಂದು ಅಂಶ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಷರತ್ತಿನ ಸಾಲು ಮುಖ್ಯ ಮಾತನ್ನು ವಿವರಿಸಬಹುದು, ಅದರ ತಪ್ಪನ್ನು ಸರಿಪಡಿಸುವ ಕೆಲಸಕ್ಕೆ ಅದನ್ನು ಬಳಸುವಂತಿಲ್ಲ. ಅಲ್ಲದೆ ಅದು ಮುಖ್ಯ ಮಾತಿನ ಭಾಷೆಯಲ್ಲೇ ಇರಬೇಕು. ಮೇಲೆ ದೊಡ್ಡದಾಗಿ ಕನ್ನಡದಲ್ಲಿ ‘ಎಲ್ಲಕ್ಕೂ 50%’ ಎಂದು ಬರೆದು, ಮೂಲೆಯಲ್ಲಿ ಇಂಗ್ಲಿಷಿನಲ್ಲಿ ‘ಷರತ್ತು ಅನ್ವಯಿಸುತ್ತದೆ’ ಎಂದರೆ ಸಾಲದು. ಗ್ರಾಹಕರಾಗಿ ನೀವು ಇಂಥದ್ದರಲ್ಲಿ ಸಿಕ್ಕಿಕೊಂಡರೆ ಬ್ಯಾನರ್‌ನ ಫೋಟೊ ಮತ್ತು ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

## ಯಾವುದನ್ನು ಮೊದಲು ತಿದ್ದಬೇಕು?

ಮೊದಲು ಬಿಲ್ಲಿಂಗ್ ಸಾಫ್ಟ್‌ವೇರ್, ನಂತರ ಟ್ಯಾಗ್ ಮತ್ತು ರ್‍ಯಾಕ್, ಅದಾದ ಮೇಲೆ ಹೊರಗಿನ ಜಾಹೀರಾತು. ಇದು ತಲೆಕೆಳಗಾದರೆ ಹೊಸ ಬ್ಯಾನರ್ ನೋಡಿ ಬಂದವರಿಗೆ ಹಳೆಯ ಬಿಲ್ ಸಿಗುತ್ತದೆ. ಸಾಫ್ಟ್‌ವೇರ್‌ನಲ್ಲಿ ತಾರೀಖು ತುಂಬುವಾಗ ದಿನ ಮೊದಲೋ ತಿಂಗಳು ಮೊದಲೋ ನೋಡಿಕೊಳ್ಳಿ. ತಿಂಗಳು ಮೊದಲು ಇರುವ ಕಡೆ 04/07 ಎಂದು ತುಂಬಿದರೆ ಸೇಲ್ ಏಪ್ರಿಲ್ 7ಕ್ಕೆ ಶುರುವಾಗಿಬಿಡುತ್ತದೆ.

ಮುದ್ರಣದ ಫೈಲ್ ತಿದ್ದುವುದೇ ಕಷ್ಟದ ಭಾಗ. ಡಿಟಿಪಿಯಲ್ಲಿ ನುಡಿಯ ಹಳೆಯ ಫಾಂಟ್ ಬಳಸಿ, ಪ್ರೆಸ್‌ನಲ್ಲಿ ಅಕ್ಷರ ಒಡೆಯದಿರಲೆಂದು ಪಠ್ಯವನ್ನೆಲ್ಲ ಕರ್ವ್ ಮಾಡಿ ಕಳಿಸುವುದು ರೂಢಿ. ಕರ್ವ್ ಮಾಡಿದ ಮೇಲೆ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಚಿತ್ರವಾಗುತ್ತದೆ. ಹುಡುಕಲು ಬರುವುದಿಲ್ಲ, ಟೈಪ್ ಮಾಡಿ ಬದಲಿಸಲೂ ಬರುವುದಿಲ್ಲ. ಆಗ ಆಪರೇಟರ್ ಕರ್ವ್ ಆಗುವ ಮೊದಲಿನ ಫೈಲ್ ತೆಗೆಯುತ್ತಾರೆ. ಅದು ಎರಡು ತಿದ್ದುಪಡಿ ಹಿಂದಿನದಾಗಿರಬಹುದು. ನೀವು ರಿಯಾಯಿತಿ ತಿದ್ದಿಸಿ ಬರುವಷ್ಟರಲ್ಲಿ ಹಿಂದೆ ಸರಿಪಡಿಸಿದ್ದ ತಾರೀಖು ಮತ್ತೆ ಹಳೆಯದಾಗಿರುತ್ತದೆ. ಆದ್ದರಿಂದ ಒಂದು ಅಂಕಿ ತಿದ್ದಿಸಿದರೂ ಪೂರ್ತಿ ಪುಟ ಮತ್ತೆ ಓದಬೇಕು. ಫೈಲ್‌ಗೆ ‘ಫೈನಲ್’, ‘ಫೈನಲ್ ಹೊಸದು’ ಎಂದು ಹೆಸರಿಡದೆ ತಾರೀಖು ಮತ್ತು ವೇಳೆ ಹಾಕಿಸಿ.

ಕಂಪ್ಯೂಟರ್‌ನಲ್ಲಿ 40 ಎಂದು ಹುಡುಕಿ ‘ಎಲ್ಲ ಸರಿಯಾಯಿತು’ ಎಂದುಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಕನ್ನಡ ಅಂಕಿಯಲ್ಲಿ ೪೦ ಎಂದೋ, ಅಕ್ಷರದಲ್ಲಿ ‘ನಲವತ್ತು’ ಎಂದೋ ಇದ್ದರೆ ಆ ಹುಡುಕಾಟಕ್ಕೆ ಸಿಗದೇ ಹೋಗಬಹುದು. ಮೂರನ್ನೂ ಬೇರೆ ಬೇರೆ ಹುಡುಕಿ.

ಎಸ್‌ಎಂಎಸ್‌ನ ಕಥೆ ಬೇರೆ. ವ್ಯಾಪಾರದ ಸಂದೇಶ ಕಳಿಸಬೇಕಾದರೆ ಅದರ ಮಾದರಿಯನ್ನು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿ ಒಪ್ಪಿಗೆ ಪಡೆದಿರಬೇಕು. ಬದಲಾಗುವ ಜಾಗಗಳನ್ನು ಅದರಲ್ಲಿ ಗುರುತು ಮಾಡಿರಬೇಕು, ಉಳಿದದ್ದು ಬದಲಾಗುವಂತಿಲ್ಲ. ತಾರೀಖನ್ನೋ ಶೇಕಡಾವಾರನ್ನೋ ಬದಲಾಗದ ಭಾಗದಲ್ಲಿ ನೋಂದಾಯಿಸಿಬಿಟ್ಟಿದ್ದರೆ ಸೇಲ್ ನಡುವೆ ತಿದ್ದಲು ಹೊಸ ಒಪ್ಪಿಗೆಗೆ ಕಾಯಬೇಕಾಗುತ್ತದೆ. ರಿಯಾಯಿತಿ, ಮೊದಲ ದಿನ, ಕೊನೆಯ ದಿನ ಈ ಮೂರನ್ನೂ ಬದಲಾಗುವ ಜಾಗದಲ್ಲೇ ಇಡಿ.

ವಾಟ್ಸ್ಆ್ಯಪ್‌ನಲ್ಲಿ ಹೋದ ಚಿತ್ರವನ್ನು ಎಲ್ಲರಿಗೂ ಕಾಣದಂತೆ ಅಳಿಸಿದರೂ ಫಾರ್ವರ್ಡ್ ಆದ ಪ್ರತಿಗಳು ಉಳಿಯುತ್ತವೆ. ಅಳಿಸಿ ಸುಮ್ಮನಾಗುವುದಕ್ಕಿಂತ, ಮೇಲೆ ‘ತಿದ್ದುಪಡಿ’ ಎಂದು ಬರೆದು ಹಳೆಯ ಮಾತು, ಹೊಸ ಮಾತು ಎರಡನ್ನೂ ಒಂದೇ ಚಿತ್ರದಲ್ಲಿ ಹಾಕಿ ಕಳಿಸಿ: ‘ಇಂದಿನಿಂದ 3 ದಿನ ಎಂದಿದ್ದುದನ್ನು ಜುಲೈ 18, 19, 20 ಎಂದು ಓದಿಕೊಳ್ಳಿ. ₹2,400ರ ಸೀರೆ ಈ ಮೂರು ದಿನ ₹1,296.’ ಹಳೆಯ ಮಾತು ಜೊತೆಗಿಲ್ಲದಿದ್ದರೆ ಓದುವವರಿಗೆ ಇದು ಇನ್ನೊಂದು ಹೊಸ ಆಫರ್ ಎನಿಸುತ್ತದೆ.

## ಓದಿಸಿ ತಾಳೆ ನೋಡುವುದು

ಬರೆದವರೇ ಓದಿದರೆ ತಪ್ಪು ಕಾಣುವುದಿಲ್ಲ, ಕಣ್ಣು ಬರೆಯಬೇಕೆಂದಿದ್ದುದನ್ನೇ ಓದುತ್ತದೆ. ಇಬ್ಬರು ಕೂರಬೇಕು. ಒಬ್ಬರ ಕೈಯಲ್ಲಿ ಚೀಟಿ, ಇನ್ನೊಬ್ಬರ ಕೈಯಲ್ಲಿ ಬ್ಯಾನರ್‌ನ ಪ್ರೂಫ್. ಪ್ರೂಫ್ ಹಿಡಿದವರು ಜೋರಾಗಿ ಓದಬೇಕು, ಅಂಕಿಗಳನ್ನು ಬಿಡಿಬಿಡಿಯಾಗಿ: ‘ನಾಲ್ಕು, ಸೊನ್ನೆ, ಪರ್ಸೆಂಟ್. ಜುಲೈ, ಎರಡು, ಸೊನ್ನೆ, ಭಾನುವಾರ.’ ಚೀಟಿ ಹಿಡಿದವರು ಒಂದೊಂದಕ್ಕೂ ಟಿಕ್ ಹಾಕಬೇಕು. ಓದಿ ಮುಗಿದ ಮೇಲೆ ಚೀಟಿಯಲ್ಲಿ ಟಿಕ್ ಬೀಳದ ಸಾಲು ಉಳಿದಿದ್ದರೆ ಆ ಮಾತು ಜಾಹೀರಾತಿನಲ್ಲಿಲ್ಲ ಎಂದರ್ಥ. ಸಣ್ಣ ಬ್ಯಾನರ್‌ನಲ್ಲಿ ಎಲ್ಲಕ್ಕೂ ಜಾಗ ಇರುವುದಿಲ್ಲ. ಆಗ ಬಿಡಬಹುದಾದದ್ದು ಪೈಸೆಯ ಸಾಲು ಮತ್ತು ಮಾದರಿ ಬೆಲೆ. ಯಾವ ಸರಕು, ಎಷ್ಟು ಶೇಕಡಾ, ಕೊನೆಯ ದಿನ ಯಾವುದು ಎಂಬುದನ್ನು ಬಿಡುವಂತಿಲ್ಲ.

ಕೊನೆಯ ಪರೀಕ್ಷೆ ಬಿಲ್‌ನದು. ಸೇಲ್ ಶುರುವಾಗುವ ಹಿಂದಿನ ಸಂಜೆ ಮೂರು ಸೀರೆಗೆ ಬಿಲ್ ಹಾಕಿ ರದ್ದು ಮಾಡಿ: ಒಂದು ₹2,400ರದು, ಒಂದು ₹1,995ರದು, ಒಂದು ಸೇಲ್‌ಗೆ ಸೇರದ ರೇಷ್ಮೆ. ಮೂರನೆಯದಕ್ಕೆ ರಿಯಾಯಿತಿ ಬರಬಾರದು. ಇದೇ ಬಿಲ್‌ಗಳನ್ನು ಜುಲೈ 17ರ ಸಂಜೆ ಸಾಫ್ಟ್‌ವೇರ್‌ನಲ್ಲಿ ಮರುದಿನದ ದರ ತುಂಬಿದ ಮೇಲೆ ಇನ್ನೊಮ್ಮೆ ಹಾಕಿ ನೋಡಿ. ಹೆಚ್ಚುವರಿ 10% ಇಳಿಸಿದ ಬೆಲೆಯ ಮೇಲೆ ಬೀಳುತ್ತಿದೆಯೋ ಟ್ಯಾಗ್ ಬೆಲೆಯ ಮೇಲೆ ಬೀಳುತ್ತಿದೆಯೋ ಅಲ್ಲೇ ಗೊತ್ತಾಗುತ್ತದೆ. ₹1,296 ಬಂದರೆ ಚೀಟಿಯಂತೆ ಇದೆ, ₹1,200 ಬಂದರೆ ಟ್ಯಾಗ್ ಬೆಲೆಯ ಮೇಲೆ ಬಿದ್ದಿದೆ.

ಜುಲೈ 20ರ ರಾತ್ರಿ 9ಕ್ಕೆ ಬಿಲ್ಲಿಂಗ್‌ನಲ್ಲಿ ರಿಯಾಯಿತಿ ನಿಲ್ಲುತ್ತದೆ. ಅಂಗಡಿಯೊಳಗೆ ಬಂದು ಸೀರೆ ಆರಿಸುತ್ತಿರುವವರಿಗೆ 9 ಗಂಟೆ 10 ನಿಮಿಷಕ್ಕೆ ಬಿಲ್ ಆದರೆ ಯಾವ ದರ ಎಂಬುದನ್ನೂ ಚೀಟಿಯಲ್ಲಿ ಬರೆದಿಡಿ. ‘9ರೊಳಗೆ ಅಂಗಡಿಗೆ ಬಂದವರಿಗೆಲ್ಲ ಸೇಲ್ ದರ’ ಎಂದಾದರೆ ಸಾಫ್ಟ್‌ವೇರ್ 9ಕ್ಕೆ ನಿಲ್ಲದೆ ಹತ್ತಕ್ಕೆ ನಿಲ್ಲಬೇಕು. ಬ್ಯಾನರ್, ರ್‍ಯಾಕ್ ಬೋರ್ಡ್, ವಾಟ್ಸ್ಆ್ಯಪ್ ಸ್ಟೇಟಸ್, ಗೂಗಲ್‌ನಲ್ಲಿ ಅಂಗಡಿಯ ಪುಟದ ಮೇಲಿನ ಆಫರ್ ಇವನ್ನು 21ರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಯಾರು ಇಳಿಸುತ್ತಾರೆ ಎಂದು ಒಬ್ಬೊಬ್ಬರ ಹೆಸರನ್ನು ಅದೇ ಚೀಟಿಯ ಬೆನ್ನಿಗೆ ಬರೆಯಿರಿ.